ಡೈಪರ್ ದದ್ದಾ, ಯೀಸ್ಟ್ ಸೋಂಕಾ? ಕ್ರೀಮ್ ಹಚ್ಚಿ ಸಾಕಾದಾಗ ಮಾಡಬೇಕಾದ್ದು

ಮಗುವಿನ ಕುಂಡಿ ಕೆಂಪಾಗಿದೆ. ಜಿಂಕ್ ಕ್ರೀಮ್ ಹಚ್ಚುತ್ತಿದ್ದೀರಿ. ಮೂರು ದಿನವಾಯಿತು, ಕಡಿಮೆಯಾಗುವ ಬದಲು ಜಾಸ್ತಿ ಆಗಿದೆ. ಈ ಹಂತದಲ್ಲಿ ಹೆಚ್ಚಿನವರು ಮಾಡುವುದು ಒಂದೇ, ಮೆಡಿಕಲ್ ಶಾಪಿಗೆ ಹೋಗಿ ಇನ್ನೂ ‘ಸ್ಟ್ರಾಂಗ್’ ಆಗಿರುವ ಟ್ಯೂಬ್ ಕೇಳುತ್ತಾರೆ. ದಯವಿಟ್ಟು ಅದಕ್ಕೂ ಮೊದಲು ಮಗುವನ್ನು ಬೆಳಕಿಗೆ ತಂದು, ತೊಡೆಸಂದು ಬಿಡಿಸಿ ನೋಡಿ. ಅಲ್ಲಿ ಏನಿದೆ ಎನ್ನುವುದರ ಮೇಲೆ ಮುಂದಿನ ದಾರಿ ನಿಂತಿದೆ.

ನಾನು ಮಕ್ಕಳ ವಾರ್ಡಿನಲ್ಲಿ ನರ್ಸ್ ಆಗಿ ಕೆಲಸ ಮಾಡುವವಳು. ಮೈಸೂರು, ಮಂಡ್ಯ, ಶ್ರೀರಂಗಪಟ್ಟಣ, ನಂಜನಗೂಡು ಕಡೆಯಿಂದ ಬರುವ ಅಮ್ಮಂದಿರ ಕೈಯಲ್ಲಿ ಮೂರ್ನಾಲ್ಕು ಅರ್ಧ ಖಾಲಿಯಾದ ಟ್ಯೂಬ್‌ಗಳಿರುವುದು ನನಗೆ ಹೊಸದಲ್ಲ. ಅವರು ಕಾಳಜಿ ಮಾಡಿಲ್ಲ ಅಂತಲ್ಲ. ಪಾಪ, ರಾತ್ರಿಯೆಲ್ಲ ನಿದ್ದೆಗೆಟ್ಟು ಹಚ್ಚಿರುತ್ತಾರೆ. ಹಚ್ಚಿದ್ದು ಬೇರೆ ತೊಂದರೆಯ ಔಷಧಿ, ಅಷ್ಟೇ.

ಎರಡೂ ಬೇರೆ ಬೇರೆ ಯಾಕೆ

ಸಾಮಾನ್ಯ ಡೈಪರ್ ದದ್ದು ಅಂದರೆ ಚರ್ಮ ಉರಿದು ಸುಲಿದಿರುವುದು. ಒದ್ದೆಯಲ್ಲಿ ತುಂಬಾ ಹೊತ್ತು ಇದ್ದರೆ ಚರ್ಮ ಮೆತ್ತಗಾಗುತ್ತದೆ, ಆಮೇಲೆ ಡೈಪರ್ ಉಜ್ಜಿದರೂ ಸಾಕು, ಗಾಯವಾಗುತ್ತದೆ. ಉಚ್ಚೆ ಮತ್ತು ಕಕ್ಕ ಎರಡೂ ಸೇರಿದಾಗ ತೊಂದರೆ ಹೆಚ್ಚು. ಕಕ್ಕದಲ್ಲಿರುವ ಬ್ಯಾಕ್ಟೀರಿಯಾ ಉಚ್ಚೆಯಿಂದ ಅಮೋನಿಯಾ ಮಾಡುತ್ತವೆ, ಚರ್ಮದ ಹುಳಿ ಗುಣ ಹೋಗುತ್ತದೆ, ಆಗ ಕಕ್ಕದಲ್ಲಿರುವ ಜೀರ್ಣರಸಗಳು ಚುರುಕಾಗಿ ಮಗುವಿನ ಚರ್ಮವನ್ನೇ ಕೊರೆಯಲು ಶುರು ಮಾಡುತ್ತವೆ. ಭೇದಿಯಾದಾಗ ಒಂದೇ ರಾತ್ರಿಯಲ್ಲಿ ಕುಂಡಿ ಕೆಂಪಾಗುವುದು ಇದಕ್ಕೇ. ಭೇದಿಯಲ್ಲಿ ಆ ರಸಗಳು ಜಾಸ್ತಿ ಇರುತ್ತವೆ.

ಯೀಸ್ಟ್ ಸೋಂಕು ಬೇರೆ. ಕ್ಯಾಂಡಿಡಾ ಅನ್ನುವ ಶಿಲೀಂಧ್ರ ನಮ್ಮಲ್ಲಿ ಬಹಳ ಜನರ ಕರುಳಿನಲ್ಲಿ ಸ್ವಲ್ಪ ಇರುತ್ತದೆ, ಮಗುವಿನ ಕಕ್ಕದಲ್ಲೂ ಬರುತ್ತದೆ. ಗಟ್ಟಿಯಾದ ಚರ್ಮದ ಮೇಲೆ ಅದರ ಆಟ ನಡೆಯುವುದಿಲ್ಲ. ಬೆಚ್ಚಗೆ, ಒದ್ದೆಯಾಗಿ, ಗಾಳಿ ಆಡದೆ, ಮೇಲಿಂದ ಚರ್ಮವೂ ಸುಲಿದಿದ್ದರೆ ಅದು ಒಳಗೆ ಕೂತು ಬೆಳೆಯುತ್ತದೆ. ಅಂದರೆ ಸಾಮಾನ್ಯ ದದ್ದೇ ಯೀಸ್ಟ್‌ಗೆ ಬಾಗಿಲು ತೆಗೆದುಕೊಡುತ್ತದೆ. ಮೂರು ದಿನಕ್ಕಿಂತ ಹೆಚ್ಚು ಉಳಿದ ದದ್ದಿನಲ್ಲಿ ಕ್ಯಾಂಡಿಡಾ ಸೇರಿಕೊಂಡಿರಬಹುದು ಎಂದು ಡಾಕ್ಟರುಗಳು ಮೊದಲು ಅನುಮಾನಿಸುವುದು ಈ ಕಾರಣಕ್ಕೆ.

ಜಿಂಕ್ ಕ್ರೀಮ್, ಪೆಟ್ರೋಲಿಯಂ ಜೆಲ್ಲಿ ಇವೆಲ್ಲ ಚರ್ಮಕ್ಕೂ ಒದ್ದೆಗೂ ನಡುವೆ ಅಡ್ಡ ನಿಲ್ಲುವ ಪದರ. ಉರಿದ ಚರ್ಮ ಅದರ ಕೆಳಗೆ ತಾನಾಗಿ ಮಾಗುತ್ತದೆ. ಆದರೆ ಆ ಪದರ ಯೀಸ್ಟನ್ನು ಕೊಲ್ಲುವುದಿಲ್ಲ. ಯೀಸ್ಟ್ ಆಗಲೇ ಒಳಗೆ ಸೇರಿದ್ದರೆ ಎಷ್ಟು ದಪ್ಪ ಬಳಿದರೂ ಪ್ರಯೋಜನವಿಲ್ಲ, ಅದು ಕೆಳಗೆ ಆರಾಮಾಗಿ ಬೆಳೆಯುತ್ತಿರುತ್ತದೆ.

ಮೊದಲ ಹೆಜ್ಜೆ: ಸರಿಯಾಗಿ ನೋಡುವುದು

ಹಗಲು ಬೆಳಕಿನಲ್ಲಿ ನೋಡಿ, ಕಿಟಕಿ ಪಕ್ಕ ಅಥವಾ ಪಡಸಾಲೆಯಲ್ಲಿ. ಟ್ಯೂಬ್‌ಲೈಟ್ ಕೆಳಗೆ ಎಲ್ಲ ಬಣ್ಣವೂ ಒಂದೇ ಥರ ಕಾಣುತ್ತದೆ. ಬಿಳಿ ಜಿಂಕ್ ಪದರದ ಮೇಲೆ ಏನೂ ಗೊತ್ತಾಗುವುದಿಲ್ಲ, ಅದನ್ನು ಮೊದಲು ತೆಗೆಯಬೇಕು. ನೀರು ಹಾಕಿ ತಿಕ್ಕಬೇಡಿ, ಅದು ನೀರಿಗೆ ಬಗ್ಗುವುದೂ ಇಲ್ಲ, ಮಗು ಕಿರುಚುತ್ತದೆ. ಹತ್ತಿಗೆ ನಾಲ್ಕು ಹನಿ ಕೊಬ್ಬರಿ ಎಣ್ಣೆ ಹಾಕಿ ಮೇಲೆ ಇಟ್ಟು ಅರ್ಧ ನಿಮಿಷ ಬಿಡಿ, ಆಮೇಲೆ ಮೆತ್ತಗೆ ಎತ್ತಿದರೆ ಕ್ರೀಮ್ ಅದರ ಜೊತೆ ಬರುತ್ತದೆ.

ಈಗ ಎರಡು ಕೈಯಲ್ಲಿ ತೊಡೆಯನ್ನು ಹೊರಕ್ಕೆ ಸರಿಸಿ. ತೊಡೆ ಮತ್ತು ಹೊಟ್ಟೆ ಸೇರುವ ಮಡಿಕೆ, ಕುಂಡಿಯ ಸೀಳು, ಗಂಡು ಮಗುವಾದರೆ ಬೀಜದ ಚೀಲದ ಕೆಳಗೆ, ಹೆಣ್ಣು ಮಗುವಾದರೆ ಎರಡು ಬದಿಯ ಮಡಿಕೆ. ದುಂಡಗಿರುವ ಮಕ್ಕಳಿಗೆ ತೊಡೆಯಲ್ಲೇ ಎರಡು ಮೂರು ಮಡಿಕೆ ಇರುತ್ತವೆ, ಅವನ್ನೂ ಬಿಡಿಸಿ.

ಸಾಮಾನ್ಯ ದದ್ದು ಡೈಪರ್ ತಾಗುವ ಉಬ್ಬಿನ ಮೇಲೆ ಇರುತ್ತದೆ. ಕುಂಡಿಯ ದುಂಡು ಭಾಗ, ತೊಡೆಯ ಒಳಬದಿ, ಹೊಟ್ಟೆಯ ಕೆಳಗೆ. ಮಡಿಕೆಯ ಒಳಗೆ ಚರ್ಮ ಚೆನ್ನಾಗಿಯೇ ಇರುತ್ತದೆ, ಯಾಕೆಂದರೆ ಡೈಪರ್ ಅಲ್ಲಿಗೆ ತಾಗುವುದೇ ಇಲ್ಲ. ಕೆಂಪು ನಿಧಾನವಾಗಿ ತಿಳಿಯಾಗುತ್ತ ಮಾಮೂಲಿ ಚರ್ಮಕ್ಕೆ ಸೇರಿಹೋಗುತ್ತದೆ, ಎಲ್ಲಿ ಮುಗಿಯಿತು ಅಂತ ಹೇಳುವುದು ಕಷ್ಟ.

ಯೀಸ್ಟ್ ಇದ್ದರೆ ಮಡಿಕೆಯ ಒಳಗೇ ಹೆಚ್ಚು. ಬಣ್ಣ ಗಾಢ, ಹಸಿ ಮಾಂಸದ ಕೆಂಪು, ಒದ್ದೆ ಹೊಳಪು. ಅಂಚು ಮಾತ್ರ ಪೆನ್ಸಿಲ್ ಹಿಡಿದು ಗೆರೆ ಎಳೆದ ಹಾಗೆ ಸ್ಪಷ್ಟವಾಗಿರುತ್ತದೆ, ಕೆಲವೊಮ್ಮೆ ಅಂಚಿನಲ್ಲಿ ತೆಳುವಾಗಿ ಬಿಳಿ ಸಿಪ್ಪೆ ಎದ್ದಿರುತ್ತದೆ. ಆ ಗೆರೆಯ ಆಚೆ, ಚೆನ್ನಾಗಿರುವ ಚರ್ಮದ ಮೇಲೆ, ರಾಗಿ ಕಾಳಿನಷ್ಟು ಸಣ್ಣ ಕೆಂಪು ಗುಳ್ಳೆಗಳು ಬಿಡಿಬಿಡಿಯಾಗಿ ಚದುರಿರುತ್ತವೆ, ಕೆಲವು ತುದಿಯಲ್ಲಿ ಚೂರು ಕೀವು ಇದ್ದ ಹಾಗೆ ಕಾಣಬಹುದು. ಈ ಚದುರಿದ ಗುಳ್ಳೆಗಳು ಕಂಡರೆ ಯೀಸ್ಟ್ ಎನ್ನುವ ಅನುಮಾನ ಬಹಳ ಗಟ್ಟಿಯಾಗುತ್ತದೆ. ನಾನು ನಂಬುವ ಗುರುತುಗಳಲ್ಲಿ ಇದೇ ಮೊದಲನೆಯದು, ಮಡಿಕೆ ಎರಡನೆಯದು.

ನಮ್ಮ ಮಕ್ಕಳ ವಿಷಯದಲ್ಲಿ ಇನ್ನೊಂದು ಮಾತು ಹೇಳಲೇಬೇಕು. ಇಂಟರ್ನೆಟ್ಟಿನಲ್ಲಿ ಸಿಗುವ ಫೋಟೋಗಳು ಹೆಚ್ಚಾಗಿ ತುಂಬಾ ಬಿಳಿ ಚರ್ಮದ ಮಕ್ಕಳದು. ಎಣ್ಣೆಗೆಂಪು ಅಥವಾ ಕಪ್ಪು ಮೈಬಣ್ಣದ ಮಗುವಿನಲ್ಲಿ ಆ ಚೆರ್ರಿ ಕೆಂಪು ಕಾಣುವುದೇ ಇಲ್ಲ. ಕಂದು, ನೇರಳೆ ಮಿಶ್ರಿತ, ಕೆಲವೊಮ್ಮೆ ಸುಮ್ನೆ ಕಪ್ಪಾದ ಹಾಗೆ ಕಾಣುತ್ತದೆ. ಫೋಟೋದಲ್ಲಿರುವ ಥರ ಕೆಂಪಾಗಿಲ್ಲ ಅಂತ ಬಿಟ್ಟುಬಿಡುತ್ತಾರೆ, ಅಲ್ಲಿ ತಪ್ಪುತ್ತದೆ. ಬಣ್ಣ ನೋಡುವ ಬದಲು ಹೊಳಪು ನೋಡಿ, ಅಂಚು ನೋಡಿ, ಬೆರಳ ತುದಿಯಿಂದ ಮೆಲ್ಲಗೆ ಸವರಿ ಉಬ್ಬು ಮತ್ತು ಬಿಸಿ ಇದೆಯಾ ನೋಡಿ. ಪಕ್ಕದ ಚೆನ್ನಾಗಿರುವ ತೊಡೆಗೆ ಹೋಲಿಸಿದರೆ ವ್ಯತ್ಯಾಸ ತಿಳಿಯುತ್ತದೆ.

ಎರಡನೇ ಹೆಜ್ಜೆ: ಹಿಂದಿನ ಎರಡು ವಾರ ನೆನಪಿಸಿಕೊಳ್ಳುವುದು

ಮಗುವಿಗೆ ಇತ್ತೀಚೆಗೆ ಆಂಟಿಬಯಾಟಿಕ್ ಸಿರಪ್ ಕೊಟ್ಟಿದ್ದಿರಾ? ಕಿವಿ ಸೋರುವುದಕ್ಕೋ ಕೆಮ್ಮಿಗೋ ಕೊಡುವ ಅಮಾಕ್ಸಿಸಿಲಿನ್ ಥರದ ಔಷಧಿ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾವನ್ನೂ ತೆಗೆಯುತ್ತದೆ, ಯೀಸ್ಟ್‌ಗೆ ಜಾಗ ಖಾಲಿಯಾಗುತ್ತದೆ. ಜೊತೆಗೆ ಭೇದಿಯೂ ಆಗುತ್ತದೆ, ಚರ್ಮ ಸುಲಿಯುತ್ತದೆ. ಎರಡೂ ಒಟ್ಟಿಗೆ ಆದರೆ ಯೀಸ್ಟ್ ಹಿಡಿಯಲು ಇನ್ನೇನು ಬೇಕು? ಅಮ್ಮ ಆಂಟಿಬಯಾಟಿಕ್ ತೆಗೆದುಕೊಂಡು ಹಾಲು ಕುಡಿಸುತ್ತಿದ್ದರೂ ಸಾಧ್ಯತೆ ಇದೆ. ಇದನ್ನು ಓದಿ ಔಷಧಿ ಅರ್ಧಕ್ಕೆ ನಿಲ್ಲಿಸಬೇಡಿ. ದದ್ದಿಗೆ ಬೇರೆ ದಾರಿ ಇದೆ, ಕಿವಿಯ ಸೋಂಕನ್ನು ಅರ್ಧಕ್ಕೆ ಬಿಡುವುದು ಬೇಡ.

ಮಗುವಿನ ಬಾಯಿಯನ್ನೂ ನೋಡಿ. ನಾಲಿಗೆ ಮೇಲೆ ಹಾಲಿನ ಬಿಳಿ ಇರುವುದು ಸಹಜ, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಹೋಗುತ್ತದೆ. ಕೆನ್ನೆಯ ಒಳಗೆ, ತುಟಿಯ ಒಳಗೆ ಮೊಸರಿನ ಚೂರಿನಂತೆ ಅಂಟಿಕೊಂಡಿದ್ದು, ಒರೆಸಿದರೂ ಹೋಗದಿದ್ದರೆ ಅದು ಬಾಯಿಯ ಯೀಸ್ಟ್. ಆಗ ಕೆಳಗೆ ಮಾತ್ರ ಕ್ರೀಮ್ ಹಚ್ಚಿದರೆ ಮತ್ತೆ ಮತ್ತೆ ಬರುತ್ತದೆ. ಬಾಯಿಗೆ ಹಾಕುವ ಔಷಧಿಗೆ ಡಾಕ್ಟರ್ ಹತ್ತಿರ ಹೋಗಲೇಬೇಕು. ಎದೆಹಾಲು ಕುಡಿಸುವಾಗ ಅಮ್ಮನ ಮೊಲೆತೊಟ್ಟಿನಲ್ಲಿ ಉರಿ, ಚುಚ್ಚಿದ ನೋವು ಇದ್ದರೆ ಅದನ್ನೂ ಹೇಳಿ, ನಾಚಿಕೊಳ್ಳಬೇಡಿ. ಇಬ್ಬರಿಗೂ ಒಟ್ಟಿಗೆ ಚಿಕಿತ್ಸೆ ಬೇಕಾಗಬಹುದು.

ಮೂರನೇ ಹೆಜ್ಜೆ: ಸಾಮಾನ್ಯ ದದ್ದು ಅನಿಸಿದರೆ, ಮೂರು ದಿನದ ನೇಮ

ಮಡಿಕೆ ಚೆನ್ನಾಗಿದೆ, ಚದುರಿದ ಗುಳ್ಳೆ ಇಲ್ಲ, ಜ್ವರವಿಲ್ಲ. ಹಾಗಿದ್ದರೆ ಮೂರು ದಿನ ಇದನ್ನು ಬಿಗಿಯಾಗಿ ಮಾಡಿ. ಎಷ್ಟೋ ಸಲ ‘ಕ್ರೀಮ್ ಕೆಲಸ ಮಾಡಲಿಲ್ಲ’ ಎನ್ನುವುದು ಕ್ರೀಮ್‌ನ ತಪ್ಪಲ್ಲ, ಹಚ್ಚಿದ ರೀತಿಯದು.

ಡೈಪರ್ ಎರಡು ಮೂರು ಗಂಟೆಗೊಮ್ಮೆ ಬದಲಿಸಿ, ಕಕ್ಕ ಮಾಡಿದರೆ ತಕ್ಷಣ. ‘12 ಗಂಟೆ ಬರುತ್ತದೆ’ ಎಂದು ಪ್ಯಾಕೆಟ್ ಮೇಲೆ ಬರೆದಿರುವುದು ಸೋರದೆ ಇರುವ ಲೆಕ್ಕ, ಚರ್ಮದ ಲೆಕ್ಕ ಅಲ್ಲ. ಮೈಸೂರಿನಿಂದ ಮಲೆ ಮಹದೇಶ್ವರ ಬೆಟ್ಟಕ್ಕೋ ಧರ್ಮಸ್ಥಳಕ್ಕೋ ಬಸ್ಸಿನಲ್ಲಿ ಹೋಗಿ ಬಂದ ಮಾರನೇ ದಿನ ಕುಂಡಿ ಉರಿಯುವುದು ಯಾಕೆ ಅಂತ ಈಗ ಗೊತ್ತಾಯ್ತಲ್ವಾ. ಚೈತ್ರ ವೈಶಾಖದ ಬಿಸಿಲಲ್ಲಿ ಇನ್ನೂ ಬೇಗ.

ತೊಳೆಯಲು ಉಗುರುಬೆಚ್ಚನೆಯ ನೀರು ಸಾಕು. ಸುವಾಸನೆಯ ವೈಪ್ಸ್ ಈ ಮೂರು ದಿನ ಪಕ್ಕಕ್ಕಿಡಿ. ಚೊಂಬಿನಿಂದ ನೀರು ಹುಯ್ದು ಕೈಯಲ್ಲಿ ಸವರಿ ತೊಳೆಯುವ ನಮ್ಮ ಹಳೇ ಕ್ರಮವೇ ಸುಲಿದ ಚರ್ಮಕ್ಕೆ ಒಳ್ಳೆಯದು. ಒರೆಸಬೇಡಿ, ಮೆತ್ತಗಿನ ಹಳೇ ಪಂಚೆ ಬಟ್ಟೆಯನ್ನು ಒತ್ತಿ ಎತ್ತಿ. ಆಮೇಲೆ ಹತ್ತು ಹದಿನೈದು ನಿಮಿಷ ಹಾಗೇ ಬಿಟ್ಟು ಗಾಳಿ ಆಡಲಿ, ಕೆಳಗೆ ರಬ್ಬರ್ ಶೀಟ್ ಮೇಲೊಂದು ಬಟ್ಟೆ ಹಾಸಿದರೆ ಸಾಕು. ಮಡಿಕೆಯ ಒಳಗೂ ಒಣಗಿರಬೇಕು.

ಆಮೇಲೆ ಜಿಂಕ್ ಆಕ್ಸೈಡ್ ಇರುವ ಕ್ರೀಮ್. ಅಂಗಡಿಯಲ್ಲಿ ಸಿಗುವ ಇಂಥ ಕ್ರೀಮ್‌ಗಳಲ್ಲಿ ಜಿಂಕ್ ಪ್ರಮಾಣ ಬೇರೆ ಬೇರೆ ಇರುತ್ತದೆ, ಸಾಮಾನ್ಯವಾಗಿ ಶೇಕಡಾ 10 ರಿಂದ 40. ಡಬ್ಬಿಯ ಮೇಲೆ ಓದಿ, ದದ್ದು ಜಾಸ್ತಿ ಇದ್ದರೆ ಹೆಚ್ಚು ಜಿಂಕ್ ಇರುವುದನ್ನು ಆರಿಸಿ. ಮುಖಕ್ಕೆ ಸ್ನೋ ಹಚ್ಚಿದ ಹಾಗೆ ತೆಳುವಾಗಿ ಸವರಿ ಒಳಕ್ಕೆ ಉಜ್ಜುವುದರಲ್ಲಿ ಅರ್ಥವಿಲ್ಲ. ಕೆಳಗಿನ ಚರ್ಮ ಕಾಣಬಾರದು, ಅಷ್ಟು ದಪ್ಪ ಇರಬೇಕು. ಮುಂದಿನ ಸಲ ಡೈಪರ್ ಬಿಚ್ಚಿದಾಗ ಮೇಲಿನ ಕೊಳೆ ಮಾತ್ರ ತೆಗೆಯಿರಿ, ಶುದ್ಧವಾಗಿರುವ ಕ್ರೀಮ್ ಅಲ್ಲೇ ಇರಲಿ, ಅದರ ಮೇಲೆ ಇನ್ನಷ್ಟು ಹಚ್ಚಿ. ಪ್ರತಿ ಸಲ ಪೂರ್ತಿ ಉಜ್ಜಿ ತೆಗೆದರೆ ಮಾಗುತ್ತಿರುವ ಚರ್ಮವೂ ಜೊತೆಗೆ ಬರುತ್ತದೆ.

ಬಾಣಂತನದ ಎಣ್ಣೆ ನೀರಿನ ಬಗ್ಗೆ ಕೇಳುತ್ತಾರೆ. ಮೈಗೆ ಎಣ್ಣೆ ಹಚ್ಚಿ, ತೊಂದರೆಯಿಲ್ಲ. ದದ್ದು ಇರುವ ಕಡೆ ಹರಳೆಣ್ಣೆ, ಅರಿಶಿನ, ಕಡ್ಲೆಹಿಟ್ಟಿನ ಉಜ್ಜುವಿಕೆ ಬೇಡ, ಮಡಿಕೆಯಲ್ಲಿ ಹಿಟ್ಟು ಉಳಿದರೆ ಇನ್ನೂ ಕೆರೆತ. ಪೌಡರ್ ಅಂತೂ ಬೇಡವೇ ಬೇಡ. ಒದ್ದೆಯ ಜೊತೆ ಸೇರಿ ಮಡಿಕೆಯಲ್ಲಿ ಗಂಟು ಕಟ್ಟಿ ಚುಚ್ಚುತ್ತದೆ, ಗಾಳಿಯಲ್ಲಿ ಹಾರಿದ್ದು ಮಗುವಿನ ಶ್ವಾಸಕೋಶಕ್ಕೆ ಹೋಗುತ್ತದೆ. ಅಜ್ಜಿಯರು ‘ಉಷ್ಣ ಆಗಿದೆ’ ಎನ್ನುತ್ತಾರೆ. ಅವರ ಜೊತೆ ವಾದ ಮಾಡುವ ಬದಲು ಅವರು ಹೇಳುವ ಒಂದು ಮಾತನ್ನು ಹಿಡಿದುಕೊಳ್ಳಿ: ಮಗುವನ್ನು ಸ್ವಲ್ಪ ಹೊತ್ತು ಬರಿ ಮೈಯಲ್ಲಿ ಬಿಡು ಅಂತಾರಲ್ಲ, ಅದು ನೂರಕ್ಕೆ ನೂರು ಸರಿ.

ಇಷ್ಟು ಮಾಡಿದರೆ ಸಾಮಾನ್ಯ ದದ್ದು ಎರಡು ಮೂರು ದಿನದಲ್ಲಿ ಎದ್ದು ಕಾಣುವಂತೆ ಇಳಿಯುತ್ತದೆ. ಪೂರ್ತಿ ಹೋಗದಿರಬಹುದು, ಆದರೆ ಇಳಿಯಬೇಕು. ಪ್ರತಿ ದಿನ ಅದೇ ಜಾಗದಲ್ಲಿ, ಅದೇ ಬೆಳಕಿನಲ್ಲಿ ಒಂದು ಫೋಟೋ ತೆಗೆದಿಡಿ. ದಿನಾ ನೋಡುವ ಕಣ್ಣಿಗೆ ವ್ಯತ್ಯಾಸ ತಿಳಿಯುವುದಿಲ್ಲ, ಫೋಟೋಗೆ ತಿಳಿಯುತ್ತದೆ. ಡಾಕ್ಟರಿಗೂ ಬಹಳ ಉಪಯೋಗ.

ನಾಲ್ಕನೇ ಹೆಜ್ಜೆ: ಯೀಸ್ಟ್ ಅನಿಸಿದರೆ

ಮೊದಲ ಸಲವಾದರೆ ಒಮ್ಮೆ ಮಕ್ಕಳ ಡಾಕ್ಟರಿಗೆ ತೋರಿಸಿ ಖಚಿತಪಡಿಸಿಕೊಳ್ಳಿ. ಮಗು ಎರಡು ತಿಂಗಳಿಗಿಂತ ಚಿಕ್ಕದಾದರೆ ತೋರಿಸದೆ ಏನೂ ಹಚ್ಚಬೇಡಿ. ಸಾಮಾನ್ಯವಾಗಿ ಬರೆದುಕೊಡುವುದು ಶೇಕಡಾ 1ರ ಕ್ಲೋಟ್ರಿಮಜೋಲ್ ಕ್ರೀಮ್, ಇಲ್ಲವೇ ಮೈಕೊನಜೋಲ್ ಅಥವಾ ನಿಸ್ಟಾಟಿನ್. ಬರೀ ಅದೊಂದೇ ಇರುವ ಟ್ಯೂಬ್. ಈ ‘ಬರೀ’ ಅನ್ನುವುದು ಮುಖ್ಯ, ಯಾಕೆ ಅಂತ ಮುಂದೆ ಹೇಳುತ್ತೇನೆ.

ಹಚ್ಚುವ ಕ್ರಮ ಹೀಗೆ. ತೊಳೆದು, ಒಣಗಿಸಿ, ಮೊದಲು ಕ್ಲೋಟ್ರಿಮಜೋಲ್. ಇದನ್ನು ಜಿಂಕ್ ಥರ ದಪ್ಪ ಬಳಿಯಬಾರದು. ಒಂದು ಕಡ್ಲೆಕಾಳಿನಷ್ಟು ತೆಗೆದು ತೆಳುವಾಗಿ ಹರಡಿ, ಜಾಗ ದೊಡ್ಡದಾದರೆ ಇನ್ನೊಂದು. ಮಡಿಕೆಯ ತಳದವರೆಗೆ ಹೋಗಬೇಕು. ಕೆಂಪು ಗೆರೆಯಲ್ಲಿ ನಿಲ್ಲಿಸಬೇಡಿ, ಆಚೆ ಚದುರಿದ ಗುಳ್ಳೆಗಳನ್ನೂ ದಾಟಿ ಒಂದು ಬೆರಳಗಲ ಹಚ್ಚಿ. ಕೆಲವು ನಿಮಿಷ ಒಣಗಲು ಬಿಟ್ಟು ಅದರ ಮೇಲೆ ಜಿಂಕ್ ಪದರ. ಈ ಕ್ರಮ ತಲೆಕೆಳಗಾಗಬಾರದು. ಮೊದಲು ಜಿಂಕ್ ಬಳಿದು ಮೇಲೆ ಔಷಧಿ ಹಚ್ಚಿದರೆ ಔಷಧಿ ಚರ್ಮಕ್ಕೆ ತಲುಪುವುದೇ ಇಲ್ಲ, ಔಷಧಿಯೂ ಫೇಲ್ ಆಯಿತು ಅಂತ ಎಷ್ಟೋ ಜನ ಅಂದುಕೊಳ್ಳುವುದು ಇಲ್ಲೇ.

ಕ್ಲೋಟ್ರಿಮಜೋಲ್ ದಿನಕ್ಕೆ ಎರಡು ಸಲ, ಬೆಳಿಗ್ಗೆ ಸ್ನಾನದ ನಂತರ ಮತ್ತು ರಾತ್ರಿ ಮಲಗುವ ಮುಂಚೆ. ಅದಕ್ಕಾಗಿ ಆ ಎರಡು ಹೊತ್ತು ಹಳೇ ಜಿಂಕನ್ನು ಎಣ್ಣೆ ಹತ್ತಿಯಲ್ಲಿ ತೆಗೆಯಿರಿ. ಉಳಿದ ಸಲ ಡೈಪರ್ ಬದಲಿಸುವಾಗ ಜಿಂಕ್ ಮಾತ್ರ ಸಾಕು. ಎರಡು ಮೂರು ದಿನದಲ್ಲಿ ಇಳಿಮುಖ ಕಾಣಬೇಕು, ಮೊದಲು ಒಣಗುವುದು ಆ ಬಿಡಿ ಗುಳ್ಳೆಗಳು. ಪೂರ್ತಿ ಹೋಗಲು ಒಂದರಿಂದ ಎರಡು ವಾರ. ನೋಡಲು ಚೆನ್ನಾಯಿತು ಅಂತ ಅವತ್ತೇ ನಿಲ್ಲಿಸಬೇಡಿ, ಇನ್ನೂ ಎರಡು ಮೂರು ದಿನ ಮುಂದುವರಿಸಿ. ಡಾಕ್ಟರ್ ಎಷ್ಟು ದಿನ ಎಂದು ಬರೆದಿದ್ದರೆ ಅಷ್ಟು ದಿನ.

ಮಂಡ್ಯದ ಒಂದು ಮಗುವಿನ ಕಥೆ

ನನ್ನ ನಾದಿನಿ ಮಂಡ್ಯದಲ್ಲಿದ್ದಾಳೆ. ಅವಳ ಮಗಳಿಗೆ ಆಗ ಎಂಟು ತಿಂಗಳು, ಹೊಸದಾಗಿ ರಾಗಿ ಸರಿ ತಿನ್ನಲು ಶುರು ಮಾಡಿದ್ದಳು. ಕಿವಿ ನೋವು ಬಂದು ಡಾಕ್ಟರ್ ಐದು ದಿನದ ಆಂಟಿಬಯಾಟಿಕ್ ಸಿರಪ್ ಬರೆದರು. ಮೂರನೇ ದಿನಕ್ಕೆ ಭೇದಿ, ನಾಲ್ಕನೇ ದಿನಕ್ಕೆ ಕುಂಡಿ ಕೆಂಪು. ಮನೆಯಲ್ಲಿದ್ದ ಜಿಂಕ್ ಕ್ರೀಮ್ ಹಚ್ಚಿದಳು. ಕುಂಡಿಯ ದುಂಡು ಭಾಗ ಸ್ವಲ್ಪ ತಿಳಿಯಾಯಿತು, ಆದರೆ ತೊಡೆಸಂದು ಕೆಂಪಾಗುತ್ತ ಹೋಯಿತು. ಆಮೇಲೆ ನನಗೆ ಫೋನು.

“ಅತ್ಗೆ, ಕ್ರೀಮ್ ಹಚ್ತಾನೇ ಇದೀನಿ, ಒಂಚೂರೂ ಕಮ್ಮಿ ಆಗ್ತಿಲ್ಲ. ಉಚ್ಚೆ ಹೊಯ್ದ್ರೆ ಸಾಕು, ಮಗು ಚೀರ್ತದೆ. ಮೆಡಿಕಲ್‌ನೋರು ಬೇರೆ ಟ್ಯೂಬ್ ಕೊಟ್ಟವ್ರೆ, ಅದನ್ನ ಹಚ್ಚಲಾ?”

ಟ್ಯೂಬಿನ ಹಿಂದೆ ಬರೆದಿರುವುದರ ಫೋಟೋ ಕಳಿಸು ಅಂದೆ. ಮೂರು ಔಷಧಿ ಒಟ್ಟಿಗೆ ಇತ್ತು: ಒಂದು ಶಿಲೀಂಧ್ರಕ್ಕೆ, ಒಂದು ಬ್ಯಾಕ್ಟೀರಿಯಾಕ್ಕೆ, ಇನ್ನೊಂದು ಬೀಟಾಮೆಥಾಸೋನ್ ಅನ್ನುವ ಸ್ಟೀರಾಯ್ಡ್. ಅದನ್ನು ಮುಟ್ಟಲೇಬೇಡ ಅಂದೆ. ಮಗುವಿನ ಫೋಟೋಗಳನ್ನೂ ತರಿಸಿಕೊಂಡು ನೋಡಿದೆ. ಎರಡೂ ಮಡಿಕೆಯಲ್ಲಿ ಹೊಳೆಯುವ ಗಾಢ ಕಂದು ಕೆಂಪು, ಅಂಚಿನಲ್ಲಿ ಬಿಳಿ ಸಿಪ್ಪೆ, ಹೊಟ್ಟೆಯ ಕೆಳಗೆ ಹತ್ತಾರು ಬಿಡಿ ಗುಳ್ಳೆ. ಬಾಯಿ ಚೆನ್ನಾಗಿತ್ತು, ಜ್ವರ ಇರಲಿಲ್ಲ, ಉಚ್ಚೆ ಸರಿಯಾಗಿ ಆಗುತ್ತಿತ್ತು. ಮಾರನೇ ಬೆಳಿಗ್ಗೆ ಮಕ್ಕಳ ಡಾಕ್ಟರಿಗೆ ತೋರಿಸಿದಳು, ಅವರೂ ಯೀಸ್ಟ್ ಎಂದು ಹೇಳಿ ಬರೀ ಕ್ಲೋಟ್ರಿಮಜೋಲ್ ಬರೆದರು.

ಎರಡು ದಿನ ಕಳೆದರೂ ಅಂಥ ವ್ಯತ್ಯಾಸ ಕಾಣಲಿಲ್ಲ, ಅವಳಿಗೆ ಗಾಬರಿ. ಹೇಗೆ ಹಚ್ಚುತ್ತಿದ್ದೀಯ ಅಂತ ವಿಡಿಯೋ ಕಾಲ್‌ನಲ್ಲಿ ತೋರಿಸಲು ಹೇಳಿದೆ. ಹಳೇ ಜಿಂಕ್ ಪದರದ ಮೇಲೇ ಔಷಧಿ ಹಚ್ಚುತ್ತಿದ್ದಳು, ಮಡಿಕೆ ಬಿಡಿಸಿದರೆ ಮಗು ಅಳುತ್ತದೆ ಅಂತ ಒಳಗೆ ಬೆರಳು ಹಾಕುತ್ತಿರಲಿಲ್ಲ. ಎಣ್ಣೆ ಹತ್ತಿಯಲ್ಲಿ ಜಿಂಕ್ ತೆಗೆಯುವುದು, ಫ್ಯಾನ್ ಕೆಳಗೆ ಒಣಗಿಸುವುದು, ಮೊದಲು ಔಷಧಿ ಆಮೇಲೆ ಜಿಂಕ್, ಇದನ್ನು ಅವತ್ತಿನಿಂದ ಮಾಡಿದಳು. ಅವಳ ಅತ್ತೆ ಹಗಲೆಲ್ಲ ಮಗುವನ್ನು ಡೈಪರ್ ಇಲ್ಲದೆ ಬಟ್ಟೆ ಮೇಲೆ ಮಲಗಿಸಿ ಕಾದು ಕೂತರು, ಒದ್ದೆಯಾದ ತಕ್ಷಣ ಬಟ್ಟೆ ಬದಲಿಸಿದರು. ಮೂರನೇ ದಿನ ಗುಳ್ಳೆಗಳು ಬಾಡಿ ಸಿಪ್ಪೆ ಎದ್ದವು, ಉಚ್ಚೆ ಹೊಯ್ದರೆ ಚೀರುವುದು ನಿಂತಿತು. ಹತ್ತನೇ ದಿನಕ್ಕೆ ಚರ್ಮ ಮಾಮೂಲು, ಬಣ್ಣ ಮಾತ್ರ ತೊಡೆಸಂದಿನಲ್ಲಿ ಕಪ್ಪಾಗಿ ಉಳಿಯಿತು. ಅದು ಸೋಂಕಲ್ಲ, ಮಾಗಿದ ಗುರುತು. ನಮ್ಮ ಮೈಬಣ್ಣದಲ್ಲಿ ಅದು ಹೋಗಲು ವಾರಗಳು, ಕೆಲವೊಮ್ಮೆ ತಿಂಗಳುಗಳೇ ಬೇಕು. ಇನ್ನೂ ಕಪ್ಪಿದೆ ಅಂತ ಔಷಧಿ ಮುಂದುವರಿಸುತ್ತ ಹೋಗಬಾರದು.

ಮೂರು ಔಷಧಿ ಒಟ್ಟಿಗಿರುವ ಟ್ಯೂಬ್ ಯಾಕೆ ಬೇಡ

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನಮ್ಮ ಊರುಗಳಲ್ಲಿ ಮಕ್ಕಳ ಚರ್ಮ ಕೆಡುವುದು ಯೀಸ್ಟ್‌ಗಿಂತ ಇದರಿಂದಲೇ ಜಾಸ್ತಿ ಎನ್ನುವುದು ನನ್ನ ಅನಿಸಿಕೆ. ಹುಳುಕಡ್ಡಿಗೆ ಅಪ್ಪ ಹಚ್ಚುವ ಟ್ಯೂಬೇ ಮಗುವಿಗೂ ಬರುತ್ತದೆ.

ಟ್ಯೂಬಿನ ಹಿಂದೆ ಸಣ್ಣ ಅಕ್ಷರದಲ್ಲಿ ಇರುವುದನ್ನು ಓದಿ. ಹೆಸರು ‘ಸೋನ್’ ಅಂತ ಮುಗಿದರೆ, ಅಂದರೆ ಬೀಟಾಮೆಥಾಸೋನ್, ಬೆಕ್ಲೊಮೆಥಾಸೋನ್, ಮೊಮೆಟಾಸೋನ್, ಅಥವಾ ಕ್ಲೊಬೆಟಾಸಾಲ್ ಅಂತ ಇದ್ದರೆ ಅದು ಸ್ಟೀರಾಯ್ಡ್. ‘ನಜೋಲ್’, ‘ಮಜೋಲ್’ ಅಂತ ಮುಗಿಯುವುದು ಶಿಲೀಂಧ್ರದ ಔಷಧಿ. ಸ್ಟೀರಾಯ್ಡ್ ಹಚ್ಚಿದ ಮಾರನೇ ದಿನವೇ ಕೆಂಪು ಇಳಿಯುತ್ತದೆ, ಮಗು ಅಳುವುದು ನಿಲ್ಲುತ್ತದೆ, ಎಲ್ಲರಿಗೂ ಖುಷಿ. ಆದರೆ ಅದು ಕೆಂಪನ್ನು ಮಾತ್ರ ಅಡಗಿಸಿದೆ. ಚರ್ಮದ ಕಾವಲು ಶಕ್ತಿಯೂ ಅದರ ಜೊತೆ ಅಡಗುತ್ತದೆ, ಯೀಸ್ಟ್ ಇನ್ನೂ ಹರಡಬಹುದು. ನಿಲ್ಲಿಸಿದ ಕೂಡಲೇ ಮೊದಲಿಗಿಂತ ಜೋರಾಗಿ ಎದ್ದು ಬರುತ್ತದೆ. ಮತ್ತೆ ಅದೇ ಟ್ಯೂಬ್, ಮತ್ತೆ ಅದೇ ಸುತ್ತು.

ಡೈಪರ್ ಒಳಗೆ ಇದು ಇನ್ನೂ ಅಪಾಯ. ಮೇಲೆ ಪ್ಲಾಸ್ಟಿಕ್ ಮುಚ್ಚಿ, ಒಳಗೆ ಬೆಚ್ಚಗೆ ಒದ್ದೆ ಇದ್ದರೆ ಔಷಧಿ ಚರ್ಮದ ಮೂಲಕ ರಕ್ತಕ್ಕೆ ಹೆಚ್ಚು ಸೇರುತ್ತದೆ. ವಾರಗಟ್ಟಲೆ ಹಚ್ಚಿದರೆ ತೊಡೆಸಂದಿನ ಚರ್ಮ ತೆಳುವಾಗಿ ಗೆರೆಗಳು ಬೀಳುತ್ತವೆ, ಕೆಂಪು ಗಂಟುಗಳು ಏಳಬಹುದು. ಹೀಗೆ ರಕ್ತಕ್ಕೆ ಸೇರಿದ ಸ್ಟೀರಾಯ್ಡ್ ಹೆಚ್ಚಾಗಿ ಮುಖ ಊದಿಕೊಂಡು, ಬೆಳವಣಿಗೆ ನಿಂತ ಮಕ್ಕಳೂ ಇದ್ದಾರೆ, ದೇಹ ತಾನೇ ಮಾಡಿಕೊಳ್ಳಬೇಕಾದ ಸ್ಟೀರಾಯ್ಡೂ ಕಡಿಮೆಯಾಗುತ್ತದೆ. 2018ರಲ್ಲಿ ಕೇಂದ್ರ ಸರ್ಕಾರ 14 ಸ್ಟೀರಾಯ್ಡ್ ಮುಲಾಮುಗಳನ್ನು ಡಾಕ್ಟರ್ ಚೀಟಿ ಇಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿದ್ದು ಸುಮ್ನೆ ಅಲ್ಲ. ಆದರೂ ಕೇಳಿದರೆ ಕೊಡುವವರಿದ್ದಾರೆ.

ಉರಿ ಜಾಸ್ತಿ ಇದ್ದಾಗ ಡಾಕ್ಟರ್ ಕೆಲವು ದಿನದ ಮಟ್ಟಿಗೆ ಶೇಕಡಾ 1ರ ಹೈಡ್ರೊಕಾರ್ಟಿಸೋನ್ ಬರೆದುಕೊಡಬಹುದು. ಅದೂ ಸ್ಟೀರಾಯ್ಡೇ, ಆದರೆ ತುಂಬಾ ಸೌಮ್ಯ. ಅವರು ಹೇಳಿದಷ್ಟು ದಿನ ಹಚ್ಚಿ, ನಿಲ್ಲಿಸಿ. ನೀವು ಈಗಾಗಲೇ ಮಿಶ್ರ ಟ್ಯೂಬನ್ನು ವಾರಗಟ್ಟಲೆ ಹಚ್ಚಿದ್ದರೆ ಹೆದರಿ ಮುಚ್ಚಿಡಬೇಡಿ, ಒಂದೇ ಸಲ ನೀವಾಗಿ ನಿಲ್ಲಿಸಲೂ ಬೇಡಿ. ಆ ಟ್ಯೂಬನ್ನೇ ತೆಗೆದುಕೊಂಡು ಹೋಗಿ ಡಾಕ್ಟರಿಗೆ ತೋರಿಸಿ. ಹೇಗೆ ಬಿಡಿಸಬೇಕು ಎಂದು ಅವರು ಹೇಳುತ್ತಾರೆ.

ಶಿಲೀಂಧ್ರದ ಕ್ರೀಮ್‌ಗೂ ಬಗ್ಗದಿದ್ದರೆ

ಸರಿಯಾಗಿ ಹಚ್ಚಿಯೂ ಮೂರು ದಿನದಲ್ಲಿ ಇಳಿಯದಿದ್ದರೆ ಅದು ಬೇರೆ ಏನೋ ಇರಬಹುದು. ಗುದದ ಸುತ್ತ ಮಾತ್ರ ಗಾಢ ಕೆಂಪು ಉಂಗುರ, ಕಕ್ಕ ಮಾಡುವಾಗ ನೋವು, ಕಕ್ಕದ ಮೇಲೆ ರಕ್ತದ ಗೆರೆ ಇದ್ದರೆ ಸ್ಟ್ರೆಪ್ ಬ್ಯಾಕ್ಟೀರಿಯಾ ಇರಬಹುದು. ಅದಕ್ಕೆ ಬಾಯಿಯ ಮೂಲಕ ಆಂಟಿಬಯಾಟಿಕ್ ಬೇಕು, ಯಾವ ಕ್ರೀಮೂ ಸಾಲದು. ನೀರುಗುಳ್ಳೆ ಒಡೆದು ಜೇನುತುಪ್ಪದ ಬಣ್ಣದ ಹೊಪ್ಪಳೆ ಕಟ್ಟಿದರೆ ಅದೂ ಬ್ಯಾಕ್ಟೀರಿಯಾ. ಡೈಪರ್‌ನ ಎಲಾಸ್ಟಿಕ್ ತಾಗುವ ಗೆರೆಯಲ್ಲಷ್ಟೇ ಇದ್ದರೆ ಅಲರ್ಜಿ, ಬ್ರಾಂಡ್ ಬದಲಿಸಿ ನೋಡಬಹುದು. ಬಾಯಿಯ ಸುತ್ತ, ಕೈಕಾಲಿನಲ್ಲೂ ಅದೇ ಥರದ ದದ್ದು, ಜೊತೆಗೆ ಭೇದಿ, ಕೂದಲು ಉದುರುವುದು ಇದ್ದರೆ ದೇಹದಲ್ಲಿ ಜಿಂಕ್ ಕೊರತೆ ಇದೆಯಾ ಅಂತ ಪರೀಕ್ಷೆ ಮಾಡಿಸಬೇಕು. ಅದು ಮೇಲೆ ಹಚ್ಚುವ ಜಿಂಕಿನಿಂದ ಸರಿಹೋಗುವುದಿಲ್ಲ.

ಮಾರನೇ ದಿನಕ್ಕೆ ಕಾಯದೆ ಹೋಗಬೇಕಾದ ಸಂದರ್ಭಗಳೂ ಇವೆ. ಜ್ವರ ಬಂದರೆ, ಮಗು ಹಾಲು ಬಿಟ್ಟು ಮಂಕಾಗಿದ್ದರೆ, ಕೀವು ಅಥವಾ ರಕ್ತ ಬಂದರೆ, ಕೆಂಪು ಗಂಟೆ ಗಂಟೆಗೂ ಹರಡುತ್ತ ಬಿಸಿಯಾಗಿ ಊದಿದ್ದರೆ, ಭೇದಿಯ ಜೊತೆ ಆರು ಗಂಟೆಯಿಂದ ಉಚ್ಚೆ ಇಲ್ಲದಿದ್ದರೆ. ಮೈಸೂರಿನಲ್ಲಿ ಚೆಲುವಾಂಬ ಆಸ್ಪತ್ರೆ, ಮಂಡ್ಯದಲ್ಲಿ ಮಿಮ್ಸ್, ಎರಡೂ ಸರ್ಕಾರಿ, ಎರಡರಲ್ಲೂ ಮಕ್ಕಳ ವಿಭಾಗವಿದೆ. ಹೋಗುವಾಗ ಹಚ್ಚಿದ ಎಲ್ಲ ಟ್ಯೂಬ್, ಕುಡಿಸಿದ ಸಿರಪ್ ಬಾಟಲಿ, ಫೋನಿನಲ್ಲಿರುವ ದಿನದಿನದ ಫೋಟೋ ಇರಲಿ.

ಬಟ್ಟೆ ಲಂಗೋಟಿ ಕಟ್ಟುವವರಿಗೆ

ಬಟ್ಟೆ ಒಳ್ಳೆಯದು, ಆದರೆ ಒದ್ದೆಯಾದ ತಕ್ಷಣ ಬದಲಿಸಿದರೆ ಮಾತ್ರ. ಅದರ ಮೇಲೆ ಪ್ಲಾಸ್ಟಿಕ್ ಚಡ್ಡಿ ಹಾಕಿದರೆ ಡೈಪರ್‌ಗಿಂತ ಕೆಟ್ಟದ್ದು. ಯೀಸ್ಟ್ ಇರುವಾಗ ಲಂಗೋಟಿಗಳನ್ನು ಬೇರೆಯಾಗಿ, ಬಿಸಿ ನೀರಲ್ಲಿ ಒಗೆಯಿರಿ. ಸೋಪು ಪೂರ್ತಿ ಹೋಗುವವರೆಗೆ ಜಾಲಿಸಿ, ಉಳಿದ ಸೋಪು ಚರ್ಮ ಉರಿಸುತ್ತದೆ. ಬಟ್ಟೆ ಮೃದುವಾಗಲಿ ಅಂತ ಹಾಕುವ ಸುವಾಸನೆಯ ದ್ರಾವಣ ಬೇಡ. ಬಿಸಿಲಲ್ಲಿ ಗರಿಗರಿ ಒಣಗಬೇಕು. ಮಳೆಗಾಲದಲ್ಲಿ ಮನೆಯೊಳಗೆ ಅರೆಬರೆ ಒಣಗಿದ, ಮುಗ್ಗಲು ವಾಸನೆಯ ಬಟ್ಟೆ ಕಟ್ಟಬೇಡಿ, ಕಟ್ಟಲೇಬೇಕೆಂದರೆ ಇಸ್ತ್ರಿ ಹಾಕಿ ಒಣಗಿಸಿ. ಔಷಧಿ ಹಚ್ಚಿದ ಮೇಲೆ ಪ್ರತಿ ಸಲ ಕೈ ಸೋಪಿನಲ್ಲಿ ತೊಳೆಯಿರಿ, ಅದೇ ಕೈ ಮಗುವಿನ ಬಾಯಿಗೆ ಹೋಗುತ್ತದೆ.

ಸರಿಯಾಗಿ ವಾಸಿಯಾಗಿ, ಮತ್ತೆ ತಿಂಗಳು ತುಂಬುವುದರೊಳಗೆ ಯೀಸ್ಟ್ ಮರಳಿ ಬರುತ್ತಿದ್ದರೆ, ಅದೂ ಆಂಟಿಬಯಾಟಿಕ್ ಕೊಡದೆಯೇ, ಮನೆಯಲ್ಲಿ ಟ್ಯೂಬ್ ಇದೆ ಅಂತ ಅದನ್ನೇ ಹಚ್ಚುತ್ತ ಕೂರಬೇಡಿ. ಚರ್ಮವನ್ನು ಕೆರೆದು ಮೈಕ್ರೋಸ್ಕೋಪಿನಲ್ಲಿ ನೋಡುವ ಪರೀಕ್ಷೆ ಇದೆ, ಅದು ನಿಜವಾಗಿ ಕ್ಯಾಂಡಿಡಾ ಹೌದಾ ಅಂತ ಹೇಳುತ್ತದೆ. ಮಗು ತೂಕ ಏರುತ್ತಿಲ್ಲ, ತುಂಬಾ ಉಚ್ಚೆ ಹೊಯ್ಯುತ್ತದೆ, ಬಾಯಲ್ಲೂ ಯೀಸ್ಟ್ ಬಿಡುತ್ತಿಲ್ಲ ಎನ್ನುವಂತಿದ್ದರೆ ಸಕ್ಕರೆ ಪ್ರಮಾಣ ಮತ್ತು ರೋಗನಿರೋಧಕ ಶಕ್ತಿಯ ಪರೀಕ್ಷೆಯ ಬಗ್ಗೆ ಡಾಕ್ಟರನ್ನು ನೀವೇ ಬಾಯಿಬಿಟ್ಟು ಕೇಳಿ.